ಕನ್ನಡಿ ಮೇಲಿನ ಮಬ್ಬು ಮತ್ತು ಅಪ್ಪನ ಹಳೇ ಪಂಚೆ

ಮೊದಲೇ ಹೇಳಿಬಿಡ್ತೀನಿ, ಮನೆ ಒರೆಸೋ ಬಟ್ಟೆಯ ವಿಷಯದಲ್ಲಿ ನಾನು ಮೈಕ್ರೋಫೈಬರ್ ಪಕ್ಷದವನು. ನಮ್ಮಮ್ಮ ಹಳೇ ಪಂಚೆ ಪಕ್ಷ. ನನ್ನ ಹೆಂಡತಿ ಟಿಶ್ಯೂ ರೋಲ್ ಪಕ್ಷ. ಒಂದೇ ಅಡುಗೆಮನೆಯಲ್ಲಿ ಮೂರು ಪಕ್ಷ ಇದ್ದರೆ ಏನಾಗುತ್ತೆ ಅಂತ ಬೇರೆ ಹೇಳಬೇಕಾಗಿಲ್ಲ.

ಆನ್‌ಲೈನ್‌ನಲ್ಲಿ ಆರು ಮೈಕ್ರೋಫೈಬರ್ ಬಟ್ಟೆ ತರಿಸಿದ್ದೆ. ಮೊದಲ ಎರಡು ವಾರ ಬಚ್ಚಲಮನೆ ಕನ್ನಡಿ ಅಂಗಡಿಯಿಂದ ಈಗ ತಂದ ಹಾಗೆ ಹೊಳೀತಿತ್ತು. ಬರೀ ನೀರು, ಯಾವ ಸ್ಪ್ರೇಯೂ ಇಲ್ಲ. ಎದುರು ಮನೆಯವರಿಗೂ ಹೇಳ್ಕೊಂಡು ಬಂದೆ. ಮೂರನೇ ವಾರ ಮಬ್ಬು ಶುರುವಾಯ್ತು. ಒರೆಸಿದಷ್ಟೂ ಬಟ್ಟೆ ಓಡಿದ ದಾರಿ ಕಾಣೋದು, ದೀಪ ಹಾಕಿದರೆ ಕಾಮನಬಿಲ್ಲಿನ ಥರ ಬಣ್ಣಬಣ್ಣದ ಗೆರೆ. ಅಮ್ಮ ಸುಮ್ಮನೆ ನೋಡಿ, ಅಪ್ಪನ ಹಳೇ ಪಂಚೆಯ ಒಂದು ತುಂಡು ಒದ್ದೆ ಮಾಡಿ ಹಿಂಡಿ ಒರೆಸಿದರು, ಇನ್ನೊಂದು ಒಣ ತುಂಡಿನಿಂದ ಉಜ್ಜಿದರು. ಮಬ್ಬು ಹೋಯ್ತು. "ನಿನ್ನ ಪ್ಲಾಸ್ಟಿಕ್ ಬಟ್ಟೇಲಿ ಏನಿದೆ ಅಂತ ದುಡ್ಡು ಸುರಿದೆಯೋ?" ಅಂದರು.

ಪ್ಲಾಸ್ಟಿಕ್ ಅನ್ನೋದು ತಪ್ಪಲ್ಲ. ಅದರಲ್ಲಿರೋದು ಪಾಲಿಯೆಸ್ಟರ್ ಮತ್ತು ನೈಲಾನ್ ಜಾತಿಯ ಎಳೆ, ಸಾಮಾನ್ಯವಾಗಿ 80ಕ್ಕೆ 20ರ ಲೆಕ್ಕ. ಒಳ್ಳೆಯ ಬಟ್ಟೆಯಲ್ಲಿ ಒಂದೊಂದು ಎಳೆಯನ್ನೂ ಕಿತ್ತಳೆ ತೊಳೆ ಬಿಡಿಸಿದ ಹಾಗೆ ಸೀಳಿರ್ತಾರೆ. ಆ ಸೀಳುಗಳ ಸಂದಿಯೊಳಗೆ ನೀರೂ ಧೂಳೂ ಜಿಡ್ಡೂ ಹೋಗಿ ಕೂತ್ಕೊಳ್ಳುತ್ತೆ, ಕೆಲಸವೆಲ್ಲ ನಡೆಯೋದು ಅಲ್ಲೇ. ಸೀಳದೇ ಇರೋ ಅಗ್ಗದ ಮಾಲೂ ಅದೇ ಹೆಸರಲ್ಲಿ ಸಿಗುತ್ತೆ. ಸ್ಟೀಲ್ ತಟ್ಟೆಗೆ ಒಂದು ಚಮಚ ನೀರು ಹಾಕಿ ಬಟ್ಟೆಯನ್ನು ನಿಧಾನವಾಗಿ ತಳ್ಳಿ ನೋಡಿ. ಅಸಲಿ ಆದರೆ ನೀರನ್ನು ಹೀರುತ್ತೆ, ನಕಲಿ ಆದರೆ ಮುಂದಕ್ಕೆ ತಳ್ಕೊಂಡು ಹೋಗುತ್ತೆ. ಒಣ ಅಂಗೈ ಮೇಲೆ ಎಳೆದರೆ ಅಸಲಿ ಚರ್ಮದ ಒರಟಿಗೆ ಕಚ್ಚಿಕೊಂಡ ಹಾಗಾಗುತ್ತೆ. ನನ್ನ ಹೆಂಡತಿಗೆ ಅದು ಮುಟ್ಟಿದರೆ ಮೈ ಜುಮ್ಮೆನ್ನುತ್ತೆ, ಟಿಶ್ಯೂ ಪಕ್ಷಕ್ಕೆ ಸೇರಲು ಅದೇ ಕಾರಣ.

ನನ್ನದು ಅಸಲಿಯೇ. ಹಾಗಾದರೆ ಕೆಟ್ಟಿದ್ದೆಲ್ಲಿ? ಒಂದು ಭಾನುವಾರ ಕನ್ನಡಿ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಬೆರಳಿಂದ ಒಂದು ಹನಿ ನೀರು ಬಿಟ್ಟೆ. ಕೆಸುವಿನೆಲೆ ಮೇಲಿನ ಹನಿ ಹಾಗೆ ಗುಂಡಗೆ ನಿಂತುಬಿಡ್ತು. ನೀರನ್ನೇ ಕುಡಿಯದ ಬಟ್ಟೆ ಕನ್ನಡಿಯನ್ನೇನು ಒರೆಸೀತು? ವಿಚಾರಿಸಿದರೆ ಎರಡು ಸಂಗತಿ ಹೊರಬಿತ್ತು. ಆರೂ ಬಟ್ಟೆಗಳು ಟವೆಲ್‌ಗಳ ಜೊತೆಗೇ ವಾಷಿಂಗ್ ಮೆಷಿನ್‌ಗೆ ಹೋಗ್ತಿದ್ದವು, ಕೊನೆಗೆ ಘಮ್ಮೆನ್ನಲಿ ಅಂತ ಸಾಫ್ಟ್‌ನರ್ ಹಾಕ್ತಿದ್ದರು. ಅದು ಎಳೆಗಳ ಮೇಲೆ ತೆಳ್ಳಗೆ ಲೇಪನವಾಗಿ ಕೂತು ಸಂದಿ ಮುಚ್ಚುತ್ತೆ. ಎರಡನೆಯದು ನನ್ನದೇ ತಪ್ಪು. ಒಲೆ ಪಕ್ಕದ ಒಗ್ಗರಣೆ ಸಿಡಿತವನ್ನು ಒರೆಸಿದ ಬಟ್ಟೆಯನ್ನೇ ತೊಳೆದು ಕನ್ನಡಿಗೆ ತಗೊಳ್ತಿದ್ದೆ. ಪಾಲಿಯೆಸ್ಟರ್‌ಗೆ ಎಣ್ಣೆ ಅಂದರೆ ಬಲು ಪ್ರೀತಿ, ಒಂದು ತೊಳೆತಕ್ಕೆಲ್ಲ ಬಿಟ್ಟುಕೊಡೋದಿಲ್ಲ. ಅಂದರೆ ಕನ್ನಡಿಗೆ ನಾನು ದಿನಾ ಕಡಲೆಕಾಯಿ ಎಣ್ಣೆ ಹಚ್ಚಿ ಪಾಲಿಶ್ ಮಾಡ್ತಿದ್ದೆ!

ರಿಪೇರಿ ಕಷ್ಟವಿರಲಿಲ್ಲ. ಕೈ ಇಟ್ಟರೆ ಚುರುಕ್ ಅನ್ನುವಷ್ಟು ಬಿಸಿ ನೀರಿಗೆ, ಕುದಿಯೋ ನೀರಿಗಲ್ಲ, ಬಟ್ಟೆ ಒಗೆಯೋ ಲಿಕ್ವಿಡ್ ಒಂದು ಚಮಚ ಹಾಕಿ ಒಂದು ಗಂಟೆ ನೆನೆಸಿಟ್ಟೆ. ಕಿವುಚಿ, ನೊರೆ ಪೂರ್ತಿ ಹೋಗೋವರೆಗೆ ಜಾಲಿಸಿ, ಮತ್ತೊಮ್ಮೆ ಅದನ್ನೇ ಮಾಡಿದೆ. ನೆರಳಲ್ಲಿ ಒಣಗಿದ ಮೇಲೆ ಮತ್ತೆ ಹನಿ ಪರೀಕ್ಷೆ. ಆರರಲ್ಲಿ ಐದು ತಕ್ಷಣ ಹೀರಿದವು. ಒಲೆಯದ್ದು ಮಾತ್ರ ಇನ್ನೂ ತಡವರಿಸ್ತಿತ್ತು, ಅದನ್ನು ಬೈಕ್ ಚೈನಿಗೆ ಬಡ್ತಿ ಕೊಟ್ಟು ಕಳಿಸಿದೆ. ಈಗ ಅವುಗಳನ್ನು ಬೇರೆಯಾಗಿಯೇ ಒಗೆಯೋದು. ಟವೆಲ್ ಜೊತೆ ಹಾಕಿದರೆ ಅದರ ನೂಲುಜುಂಗೆಲ್ಲ ಇದಕ್ಕೆ ಅಂಟಿ, ಮಾರನೇ ದಿನ ಗಾಜಿನ ಮೇಲೆ ಬಂದು ಕೂತಿರುತ್ತೆ.

ಇಷ್ಟಾದ ಮೇಲೆ ಅಮ್ಮನ ಪಂಚೆ ಯಾಕೆ ಗೆದ್ದಿತು ಅಂತಲೂ ನೋಡಿದೆ. ಹೊಸ ಹತ್ತಿ ಬಟ್ಟೆಯಿಂದ ಇದಾಗೋದಿಲ್ಲ. ಅದರಲ್ಲಿ ಗಂಜಿ ಇರುತ್ತೆ, ಜುಂಗೂ ಉದುರುತ್ತೆ. ವರ್ಷಗಟ್ಟಲೆ ಒಗೆದ ಪಂಚೆಯಲ್ಲಿ ಉದುರೋದೆಲ್ಲ ಉದುರಿ ಹೋಗಿರುತ್ತೆ, ಎಳೆ ಮೆತ್ತಗಾಗಿ ನೀರು ಬಿದ್ದ ಕೂಡಲೇ ಹೀರುತ್ತೆ. ಆದರೆ ಎಲ್ಲ ಹಳೇ ಬಟ್ಟೆಯೂ ಹತ್ತಿಯಲ್ಲ. ಟೆರಿಕಾಟ್ ಪಂಚೆ, ಸಿಂಥೆಟಿಕ್ ಸೀರೆ ಒರೆಸೋದಿಲ್ಲ, ನೀರನ್ನು ಹರಡುತ್ತವೆ. ಅನುಮಾನ ಇದ್ದರೆ ಒಂದು ನೂಲು ಕಿತ್ತು ಸಿಂಕಿನ ಹತ್ತಿರ ಬೆಂಕಿಕಡ್ಡಿ ತಾಗಿಸಿ. ಹತ್ತಿ ಆದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತೆ.

ಆ ಮಣಿಯನ್ನು ನೋಡಿದ ಮೇಲೆ ಇನ್ನೊಂದು ವಿಷಯದಲ್ಲೂ ಅಮ್ಮನ ಪಕ್ಷಕ್ಕೆ ಹೋದೆ. ಬಿಸಿ ಪಾತ್ರೆ ಇಳಿಸಲು, ಆಗಷ್ಟೇ ಆರಿಸಿದ ಒಲೆ ಒರೆಸಲು ಮೈಕ್ರೋಫೈಬರ್ ಬೇಡವೇ ಬೇಡ, ಕಾದ ಬರ್ನರ್‌ಗೆ ತಾಗಿದರೆ ಕರಗಿ ಅಂಟುತ್ತೆ. ಅಲ್ಲಿಗೆ ಹತ್ತಿಯ ಮಸಿಬಟ್ಟೆಯೇ ಸರಿ. ಅದಕ್ಕೆ ಕಮಟು ವಾಸನೆ ಬಂದರೆ ನೀರಲ್ಲಿ ಕುದಿಸಿ ಬಿಸಿಲಿಗೆ ಹಾಕಬಹುದು, ಅರಿಶಿನದ ಕಲೆ ಕೂಡ ಬಿಸಿಲಿಗೆ ಮಾಸುತ್ತೆ.

ಟಿಶ್ಯೂ ರೋಲ್ ಬಗ್ಗೆ ಚಿಕ್ಕದಾಗಿ. ಕನ್ನಡಿಗೆ ಅದು ದಂಡ. ಒದ್ದೆಯಾದರೆ ಹರಿದು ಬಿಳಿ ಚೂರು ಬಿಡುತ್ತೆ, ಆ ಚೂರು ಒರೆಸಲು ಇನ್ನೊಂದು ಹಾಳೆ. ಆದರೆ ಮೊಟ್ಟೆ ಒಡೆದು ಕಟ್ಟೆ ಮೇಲೆ ಬಿದ್ದಾಗ, ಹಸಿ ಮೀನಿನ ನೀರು ಚೆಲ್ಲಿದಾಗ ಒರೆಸಿ ಎಸೆಯೋಕೆ ಅದನ್ನು ಬಿಟ್ಟರೆ ಬೇರೆ ಇಲ್ಲ, ಆ ನೀರು ಕುಡಿದ ಬಟ್ಟೆ ಇಡೀ ಕಟ್ಟೆಗೆ ಅದನ್ನೇ ಹಂಚುತ್ತೆ. ಬಾಣಲೆಯ ತಳದ ಎಣ್ಣೆ ತೆಗೆಯೋಕೂ ಅದೇ. ಒಗ್ಗರಣೆ ಸಿಡಿತಕ್ಕೆ ಈಗ ನಮ್ಮ ಕ್ರಮ ಹೀಗೆ: ಮೊದಲು ಅರ್ಧ ಹಾಳೆ ಟಿಶ್ಯೂ ಒತ್ತಿ ಎಣ್ಣೆ ಹೀರಿಸೋದು, ಆಮೇಲೆ ಪಾತ್ರೆ ಸೋಪಿನ ನೀರಲ್ಲಿ ಅದ್ದಿದ ಮೈಕ್ರೋಫೈಬರ್, ಕೊನೆಗೆ ಬರೀ ನೀರಿನ ಹತ್ತಿ ಬಟ್ಟೆ. ಒಣಗಿದ ದೋಸೆ ಹಿಟ್ಟಿಗೆ ಮಾತ್ರ ಯಾವುದರಿಂದಲೂ ಉಜ್ಜಬೇಡಿ, ಒದ್ದೆ ಪಂಚೆ ತುಂಡನ್ನು ಹತ್ತು ನಿಮಿಷ ಅದರ ಮೇಲೆ ಮಲಗಿಸಿ ಹೋಗಿ.

ಕನ್ನಡಿಗೆ ಎರಡು ಮೈಕ್ರೋಫೈಬರ್, ಒಂದು ಗಟ್ಟಿಯಾಗಿ ಹಿಂಡಿದ್ದು, ಒಂದು ಒಣಗಿದ್ದು. ನಾಲ್ಕು ಮಡಿಕೆ ಮಾಡಿದರೆ ತಿರುಗಿಸಿ ಮಡಚುತ್ತಾ ಎಂಟು ಚೊಕ್ಕ ಮೈ ಸಿಗುತ್ತೆ. ನೀರನ್ನು ಬಟ್ಟೆಗೇ ಹಾಕಿ, ಕನ್ನಡಿಗೆ ಎರಚಿದರೆ ಕೆಳಗಿನ ಅಂಚಿನಿಂದ ಹಿಂದಕ್ಕೆ ಇಳಿದು ಬೆಳ್ಳಿ ಲೇಪ ಕಪ್ಪಾಗುತ್ತೆ. ಅಂಟಿಸಿಟ್ಟ ಸ್ಟಿಕ್ಕರ್ ಬಿಂದಿಯ ಗೋಂದಿಗೆ ಒಂದು ಹನಿ ಕೊಬ್ಬರಿ ಎಣ್ಣೆ, ಆದರೆ ಅದನ್ನು ತೆಗೆಯೋದು ಟಿಶ್ಯೂನಿಂದ, ಕನ್ನಡಿ ಬಟ್ಟೆಯಿಂದಲ್ಲ. ಕಿಟಕಿ ಗಾಜಿಗೆ ಬಿಸಿಲಿಲ್ಲದ ಹೊತ್ತು ನೋಡಿ, ಒಳಗೆ ಅಡ್ಡಕ್ಕೆ ಹೊರಗೆ ಉದ್ದಕ್ಕೆ ಒರೆಸಿ. ಗೆರೆ ಉಳಿದರೆ ಯಾವ ಕಡೆಯದು ಅಂತ ಅದೇ ಹೇಳುತ್ತೆ.

ಇಷ್ಟೆಲ್ಲ ಮಾಡಿದರೂ ನಮ್ಮ ಬೋರ್‌ವೆಲ್ ನೀರಿನ ಬಿಳಿ ಚುಕ್ಕೆಗಳು ಶವರ್ ಪಕ್ಕದ ಗಾಜಿನ ಮೇಲೆ ಹಾಗೇ ಇದ್ದವು. ಅದು ಸುಣ್ಣ, ಮೂರು ಪಕ್ಷದ ಬಟ್ಟೆಗೂ ಜಗ್ಗೋದಿಲ್ಲ. ಅಮ್ಮ ಅರ್ಧ ಹೋಳು ನಿಂಬೆಹಣ್ಣು ತಂದು ಉಜ್ಜಿ, ಕೆಳಗಿನ ಕಡಪಾ ಕಲ್ಲಿಗೆ ಹನಿ ಬಿದ್ದರೆ ಕಲೆಯಾಗುತ್ತೆ ಅಂತ ನನ್ನ ಕೈಲಿ ಒದ್ದೆ ಟವೆಲ್ ಹಾಸಿಸಿದರು. ಐದು ನಿಮಿಷ ಬಿಟ್ಟು ನೀರು ಹಾಕಿದಾಗ ಚುಕ್ಕೆ ಮುಕ್ಕಾಲು ಪಾಲು ಹೋಗಿತ್ತು. ಒಣಗಿಸಲು ನಾನು ನನ್ನ ಬಟ್ಟೆ ತರೋಷ್ಟರಲ್ಲಿ ಅವರು ಪಂಚೆ ತುಂಡಿನಿಂದ ಒರೆಸಿ ಮುಗಿಸಿದ್ದರು.