ಹಂಪಿಗೆ ಹೋಗಿ ಬಂದ ನನ್ನ ಮುಖ

ಮನೆಯವರೆಲ್ಲ ಹಂಪಿಗೆ ಹೋದಾಗ ನನಗೆ ಜ್ವರ. ಐವತ್ತು ರೂಪಾಯಿ ನೋಟಿನ ಹಿಂದೆ ಇದೆಯಲ್ಲ, ಆ ಕಲ್ಲಿನ ರಥದ ಮುಂದೆ ಎಲ್ಲರೂ ನಿಂತು ಫೋಟೋ ತೆಗೆಸಿಕೊಂಡರು. ನಾನು ಮನೆಯಲ್ಲಿ ಗಂಜಿ ಕುಡಿದೆ. ಆಮೇಲೆ ಹೊಟ್ಟೆಕಿಚ್ಚು ತಡೆಯಲಾಗದೆ ಭಾವಮೈದನಿಗೆ ಕೇಳಿದೆ, "ನಿನ್ನ ಫೋಟೋಗಳಲ್ಲಿ ನಾಲ್ಕಕ್ಕೆ ನನ್ನ ಮುಖ ಕೂರಿಸಲಾ?" "ಕೂರಿಸಿ ಭಾವ, ಹಂಗಾದ್ರೂ ನಾನು ಸ್ವಲ್ಪ ಸೀರಿಯಸ್ಸಾಗಿ ಕಾಣ್ತೀನಿ" ಅಂದ. ಅವನು ಬಿಸಿಲಿಗೆ ಟೋಪಿ ಹಾಕಿದ್ದ. ನನ್ನ ಬೋಳು ತಲೆಯ ಸಮಸ್ಯೆ ಅಲ್ಲಿಗೆ ಬಗೆಹರಿಯಿತು.

ಮುಖಕ್ಕೆ ನಮ್ಮ ತಾರಸಿಯಲ್ಲಿ ತೆಗೆದ ನನ್ನ ಒಂದು ಫೋಟೋ ಸಿಕ್ಕಿತು. ಅವನ ಹಾಗೇ ಮುಖ ಕ್ಯಾಮೆರಾಗೆ ನೇರವಾಗಿತ್ತು, ಆದರೆ ಬಿಸಿಲು ಉಲ್ಟಾ. ಹಂಪಿಯಲ್ಲಿ ಬಿಸಿಲು ಎಡಗಡೆಯಿಂದ ಬಿದ್ದು ಮೂಗಿನ ನೆರಳು ಬಲಕ್ಕೆ ಚಾಚಿತ್ತು. ನನ್ನದು ಎಡಕ್ಕೆ. ಫೋಟೋಶಾಪ್‌ನಲ್ಲಿ `Flip Horizontal` ಒತ್ತಿದೆ. ನೆರಳು ಸರಿಹೋಯಿತು, ತಲೆ ವಾಲಿದ ಕೋನವನ್ನು ಸ್ವಲ್ಪ ತಿರುಗಿಸಿ ಕೂರಿಸಿದೆ. ಕತ್ತಿನ ಬಣ್ಣಕ್ಕೆ ಮುಖದ ಬಣ್ಣ ಹೊಂದಿಸಿ, ಅಂಚು ಮೃದು ಮಾಡಿ, ಮೇಲೆ ಸ್ವಲ್ಪ ನಾಯ್ಸ್, ಅಂದರೆ ಸಣ್ಣ ಚುಕ್ಕೆಗಳ ತರಿ, ಉದುರಿಸಿದೆ. ಇದೊಂದು ಬಿಟ್ಟರೆ ನುಣ್ಣಗಿನ ಮುಖ ತರಿತರಿ ಫೋಟೋದ ಮೇಲೆ ಸ್ಟಿಕ್ಕರ್ ಅಂಟಿಸಿದ ಹಾಗೆ ಕಾಣುತ್ತದೆ. ಮುಗಿಸಿ ನೋಡಿದರೆ ನಾನೇ! ಸಾಕ್ಷಾತ್ ನಾನೇ!

ವಾಟ್ಸಾಪ್‌ನಲ್ಲಿ ಗೆಳೆಯರಿಗೆ ಕಳಿಸಿ "ಹೇಗಿದೆ?" ಅಂತ ಕೇಳಿದೆ. ಎಲ್ಲರೂ "ಸೂಪರ್" ಅಂದರು. ಸ್ಟುಡಿಯೋ ಇಟ್ಟಿರುವ ಗೆಳೆಯ ಮಾತ್ರ ನಕ್ಕ. "ಹೇಗಿದೆ ಅಂತ ಕೇಳಿದ್ರೆ ಯಾರು ಚೆನ್ನಾಗಿಲ್ಲ ಅಂತಾರೆ? ಅದೂ ವಾಟ್ಸಾಪಲ್ಲಿ! ಅದು ಫೋಟೋನ ಹಿಂಡಿ ಚಿಕ್ಕದು ಮಾಡುವಾಗ ನಿನ್ನ ತಪ್ಪುಗಳನ್ನೂ ಒರೆಸಿ ಹಾಕುತ್ತೆ. ಕಣ್ಣು ಕಟ್ಟಿ ಪರೀಕ್ಷೆ ಮಾಡು" ಅಂದ. ನಾನು ಒಂದು ಕ್ಷಣ ನಿಜವಾಗಲೂ ಬಟ್ಟೆ ಹುಡುಕಲು ಎದ್ದಿದ್ದೆ.

ಅವನು ಹೇಳಿದ್ದು ಇಷ್ಟೇ. ಮುಖ ಬದಲಿಸಿದ ನಾಲ್ಕು ಫೋಟೋ ಜೊತೆ ಏನೂ ಮಾಡದ ನಾಲ್ಕನ್ನು ಬೆರೆಸಬೇಕು, ಎರಡು ನನ್ನವು, ಎರಡು ಭಾವಮೈದನವು. ಎಲ್ಲವನ್ನೂ ಒಂದೇ ಅಳತೆಗೆ, ಒಂದೇ ಗುಣಮಟ್ಟದಲ್ಲಿ ಸೇವ್ ಮಾಡಬೇಕು. ಒಬ್ಬೊಬ್ಬರನ್ನೇ ಕೂರಿಸಿ, ಒಂದು ಫೋಟೋಗೆ ಹತ್ತು ಸೆಕೆಂಡು ಕೊಡಬೇಕು. ಮೊದಲ ಸುತ್ತಿನಲ್ಲಿ "ಇದು ಯಾರು?" ಅಂತ ಮಾತ್ರ ಕೇಳಬೇಕು. ಅದು ಪೂರ್ತಿ ಮುಗಿದ ಮೇಲೆಯೇ ಇನ್ನೊಂದು ಸುತ್ತು, "ಇದಕ್ಕೆ ಯಾರಾದರೂ ಕೈ ಹಾಕಿದ್ದಾರಾ?" ಈ ಕ್ರಮ ತಪ್ಪಬಾರದು. ಕೈ ಹಾಕಿರಬಹುದು ಅಂದ ಕೂಡಲೇ ಜನ ಮುಖ ನೋಡುವುದು ಬಿಟ್ಟು ಕತ್ತಿನ ಅಂಚು ನೋಡಲು ಶುರು ಮಾಡುತ್ತಾರೆ.

ಭಾನುವಾರ ಮೊದಲನೆಯವನು ಬಂದ. ಲ್ಯಾಪ್‌ಟಾಪ್ ಎದುರು ಕೂತ ತಕ್ಷಣ, "ಅಲ್ಲೋ, ಮೇಲೆ `hampi_nanna_mukha_final2.jpg` ಅಂತ ಬರೆದಿದೆಯಲ್ಲೋ" ಅಂದ. ಅವನ ಲೆಕ್ಕ ವಜಾ. ಹೆಸರುಗಳನ್ನು ತೆಗೆದು ಒಂದರಿಂದ ಎಂಟರವರೆಗೆ ನಂಬರ್ ಕೊಟ್ಟೆ. ಎರಡನೆಯವನು ಫೋಟೋ ನೋಡಲೇ ಇಲ್ಲ, ನನ್ನನ್ನು ನೋಡಿದ. "ನೀನು ಉಸಿರು ಬಿಗಿ ಹಿಡಿದಾಗೆಲ್ಲ ಅದು ಡೂಪ್ಲಿಕೇಟು" ಅಂತ ಸಲೀಸಾಗಿ ನಾಲ್ಕನ್ನೂ ಹಿಡಿದ. ಅವನದೂ ವಜಾ. ಅಲ್ಲಿಗೆ ನನ್ನನ್ನು ಅಡುಗೆಮನೆಗೆ ಅಟ್ಟಿ, ಯಾವುದು ಅಸಲಿ ಯಾವುದು ನಕಲಿ ಅಂತ ಗೊತ್ತೇ ಇಲ್ಲದ ಪಕ್ಕದ ಮನೆ ಹುಡುಗಿಯನ್ನು ಕೂರಿಸಿದೆವು. ಅವಳು ಕೇಳಿ ಬರೆದುಕೊಂಡಳು. ನಾನು ಒಳಗೆ ಈರುಳ್ಳಿ ಹೆಚ್ಚಿದೆ.

ಮಿಕ್ಕ ಐದು ಜನರ ಲೆಕ್ಕ ಬಂತು. ನಕಲಿ ನಾಲ್ಕು, ನೋಡಿದವರು ಐವರು, ಒಟ್ಟು 20 ಉತ್ತರ. "ಕೈ ಹಾಕಿದ್ದಾರೆ" ಅಂದದ್ದು 8. ಬೇಜಾರಾಯಿತು. ಆದರೆ ಹುಡುಗಿ ಅಸಲಿಗಳ ಲೆಕ್ಕವನ್ನೂ ಓದಿದಳು. ಅವುಗಳಿಗೂ 20ರಲ್ಲಿ 7 ಸಲ ಹಾಗೇ ಅಂದಿದ್ದರು! ನನ್ನದೇ ಅಸಲಿ ಫೋಟೋ ನೋಡಿ ಒಬ್ಬ, "ಈ ಕಿವಿ ಬೇರೆಯವರದು ತಂದು ಹಾಕಿದ್ದಾರೆ" ಅಂದನಂತೆ. 45 ವರ್ಷದಿಂದ ಹೊತ್ತುಕೊಂಡು ತಿರುಗುತ್ತಿರುವ ಕಿವಿ ಅದು. ಇರಲಿ, ಎಂಟಕ್ಕೂ ಏಳಕ್ಕೂ ಅಷ್ಟೇನೂ ವ್ಯತ್ಯಾಸವಿಲ್ಲ. ಅಂದರೆ ನಕಲಿ ಯಾವುದು ಅಂತ ಅವರಿಗೆ ಗೊತ್ತಾಗಿಲ್ಲ, ಸುಮ್ನೆ ಊಹಿಸಿದ್ದಾರೆ. ಅಸಲಿಗಳನ್ನು ಬೆರೆಸದೆ ಇದ್ದಿದ್ದರೆ ಆ ಎಂಟನ್ನೇ ಹಿಡಿದುಕೊಂಡು ನಾನು ಅಳುತ್ತಿದ್ದೆ.

ಆದರೆ "ಇದು ಯಾರು?" ಎಂಬ ಲೆಕ್ಕ ಮಾನ ಕಳೆಯಿತು. ನನ್ನ ಅಸಲಿ ಫೋಟೋಗಳನ್ನು ಹತ್ತಕ್ಕೆ ಹತ್ತೂ ಸಲ ಗುರುತಿಸಿದ್ದರು. ನಕಲಿಗಳಲ್ಲಿ "ನೀನು" ಅಂದದ್ದು 7 ಸಲ ಮಾತ್ರ. 5 ಸಲ ಭಾವಮೈದ. 2 ಸಲ ಗೊತ್ತಿಲ್ಲ. ಉಳಿದ 6 ಸಲ, "ಅವನ ತಮ್ಮನಾ?" ನನಗೆ ತಮ್ಮ ಇಲ್ಲ. ಅಮ್ಮನಿಗೆ ಈ ವಿಷಯ ಹೇಳಲಿಲ್ಲ.

ಭಾವಮೈದನಿಗೆ ಬಿದ್ದ ಐದು ಓಟು ಅರ್ಥವಾಗುತ್ತದೆ. 1996ರಲ್ಲಿ ಪವನ್ ಸಿನ್ಹಾ ಮತ್ತು ಟೊಮಾಸೊ ಪೊಜ್ಜಿಯೊ ಎಂಬ ವಿಜ್ಞಾನಿಗಳು ಒಂದು ಫೋಟೋ ಪ್ರಕಟಿಸಿದ್ದರು. ನೋಡಿದರೆ ಆಗಿನ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಮತ್ತು ಉಪಾಧ್ಯಕ್ಷ ಅಲ್ ಗೋರ್ ಅಕ್ಕಪಕ್ಕ ನಿಂತ ಹಾಗಿದೆ. ಅಸಲಿಗೆ ಇಬ್ಬರಿಗೂ ಒಂದೇ ಕಣ್ಣು, ಮೂಗು, ಬಾಯಿ. ಕೂದಲು ಮತ್ತು ತಲೆಯ ಆಕಾರ ಮಾತ್ರ ಬೇರೆ. ನಾನು ಬದಲಿಸಿದ್ದೂ ನಡುವಿನ ಮುಖವನ್ನು ಮಾತ್ರ. ಕಿವಿ, ದವಡೆ, ಟೋಪಿ, ಸೊಂಟದ ಮೇಲೆ ಕೈಯಿಟ್ಟು ನಿಲ್ಲುವ ಆ ಜಂಬ, ಎಲ್ಲ ಅವನದೇ.

ಆದರೆ ಆ ತಮ್ಮ ಎಲ್ಲಿಂದ ಬಂದ? ನನಗೆ ನಾನೇ ಅನ್ನಿಸಿದ ಮುಖ ಬೇರೆಯವರಿಗೆ ಯಾಕೆ ಅನ್ನಿಸಲಿಲ್ಲ?

ಹೆಂಡತಿ ಒಂದು ಸಲ ನೋಡಿ ಹೇಳಿದಳು, "ನಿಮ್ಮ ಮಚ್ಚೆ ಈ ಕೆನ್ನೆಗೆ ಯಾವಾಗ ಬಂತು?"

`Flip Horizontal`! ಎಡಗೆನ್ನೆಯ ಮಚ್ಚೆ ಬಲಕ್ಕೆ ಹೋಗಿತ್ತು. ನಕ್ಕಾಗ ನನ್ನ ತುಟಿ ಒಂದು ಕಡೆ ಮಾತ್ರ ಮೇಲೇಳುತ್ತದೆ, ಅದೂ ಕಡೆ ಬದಲಿಸಿತ್ತು. ನನಗೆ ಗೊತ್ತಾಗಲೇ ಇಲ್ಲ, ಯಾಕೆಂದರೆ ದಿನಾ ಗಡ್ಡ ಬೋಳಿಸುವಾಗ ಕನ್ನಡಿಯಲ್ಲಿ ನಾನು ನೋಡುವುದು ಆ ತಮ್ಮನನ್ನೇ. 1977ರಲ್ಲಿ ಅಮೆರಿಕದಲ್ಲಿ ಇದನ್ನು ಪರೀಕ್ಷಿಸಿದ್ದರು. ಜನರಿಗೆ ತಮ್ಮ ಫೋಟೋದ ಕನ್ನಡಿ ರೂಪ ಜಾಸ್ತಿ ಹಿಡಿಸಿತು, ಅವರ ಗೆಳೆಯರಿಗೆ ಸರಿಯಾದ ರೂಪ. ಮುಖ ಬದಲಿಸಿಕೊಂಡವನೇ ಪರೀಕ್ಷಕನಾದರೆ ಹೀಗೇ ಆಗುವುದು.

ಸರಿ, ತಿರುಗಿಸದ ಮುಖದಿಂದ ಮತ್ತೆ ಮಾಡಿದೆ. ಮೂಗಿನ ನೆರಳು ಅಳಿಸಿ, ಇನ್ನೊಂದು ಬದಿಗೆ ಕೈಯಲ್ಲೇ ನೆರಳು ಬರೆದೆ. ಎರಡು ಸಂಜೆ ಹೋಯಿತು. ಈಗ ಹೊಸ ತೊಂದರೆ. ಹಳೆಯ ಐವರಿಗೆ ವಿಷಯ ಗೊತ್ತಾಗಿದೆ, ಅವರು ಮತ್ತೆ ಉಪಯೋಗಕ್ಕೆ ಬರುವುದಿಲ್ಲ. ನನಗಿದ್ದ ಗೆಳೆಯರೇ ಅಷ್ಟು. ಕೊನೆಗೆ ಹೆಂಡತಿಯ ವಾಕಿಂಗ್ ಗುಂಪಿನ ಐವರನ್ನು ಕರೆಸಿ, ಬೋಂಡಾ ಕರಿದು ಕೊಟ್ಟೆ.

ಈ ಸಲ 20ರಲ್ಲಿ 16 ಸಲ "ನಿಮ್ಮ ಯಜಮಾನರು" ಅಂದರು. ಆದರೆ ಕೈ ಹಾಕಿದ್ದಾರೆ ಅಂದದ್ದು 12 ಸಲ. ಅಸಲಿಗಳಿಗೆ 6. ನಾನು ಬರೆದ ನೆರಳು ಅವರಿಗೆ ಒಪ್ಪಿಗೆಯಾಗಿಲ್ಲ. ಒಬ್ಬರು, "ಮೂಗಿನ ಹತ್ತಿರ ಕಾಡಿಗೆ ಮೆತ್ತಿದೆ, ಒರೆಸಿಕೊಳ್ಳಿ ಅಂತ ಹೇಳೋದಾ?" ಅಂತ ಕೇಳಿದರಂತೆ. ಹೊಸಬರು, ಮೇಲಾಗಿ ಬೋಂಡಾ ತಿಂದವರು, ಹಾಗಾಗಿ ಎರಡು ಲೆಕ್ಕಗಳನ್ನು ತಾಳೆ ಹಾಕುವುದು ಪೂರ್ತಿ ನ್ಯಾಯವಲ್ಲ. ಆದರೂ ನನ್ನ ಮುಂದೆ ಎರಡು ಫೋಟೋ ಇದ್ದವು. ಒಂದು ಅಸಲಿಯಂತೆ ಕಾಣುವ ಯಾರೋ, ಇನ್ನೊಂದು ನಕಲಿಯಂತೆ ಕಾಣುವ ನಾನು.

ಎರಡನೆಯದನ್ನೇ ಪ್ರಿಂಟ್ ಹಾಕಿಸಿ ಟಿವಿ ಪಕ್ಕ ಇಟ್ಟೆ. ಊರಿಂದ ಬಂದ ಅತ್ತೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಅಳಿಯಂದ್ರೆ, ನೀವೂ ಹಂಪಿಗೆ ಹೋಗಿದ್ರಾ? ಹೋಗಿದ್ದು ಸರಿ. ನಮ್ಮ ಹುಡುಗನ ಶರ್ಟ್ ಯಾಕೆ ಹಾಕ್ಕೊಂಡ್ರಿ? ಹೊಟ್ಟೆ ಹತ್ರ ಬಿಗಿಯಾಗಿದೆ ನೋಡಿ."

ಭಾವಮೈದ ಮೆಲ್ಲಗೆ ಉಸಿರು ಒಳಗೆಳೆದುಕೊಂಡ.