ಖಾಲಿ ಬಿಟ್ಟರೆ ತಿರಸ್ಕೃತ, ಸುಳ್ಳು ಬರೆದರೆ ಕ್ರಮಬದ್ಧ

ಡಿಸೆಂಬರ್ ತಿಂಗಳಲ್ಲಿ ಕೊಡಗಿನವರನ್ನು ಏನು ಬೇಕಾದರೂ ಕೇಳಿ, ಪುರುಸೊತ್ತು ಮಾತ್ರ ಕೇಳಬೇಡಿ. ಕಾಫಿ ಹಣ್ಣಾಗಿದೆ, ಕುಯ್ಯಲು ಆಳಿಲ್ಲ, ಕಣದಲ್ಲಿ ಹಾಕಿದ್ದಕ್ಕೆ ಮೋಡದ ಭಯ. 2020ರಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂದಿದ್ದು ಸರಿಯಾಗಿ ಆಗಲೇ. ನಮ್ಮ ಪಕ್ಕದ ತೋಟದ ಅಣ್ಣ ನಿಂತೇ ನಿಲ್ಲುತ್ತೇನೆ ಎಂದ. ಸೂಚಕನಾಗಿ ಸಹಿ ಹಾಕುವವನು ನಾನು.

ಅಣ್ಣನ ಲೆಕ್ಕ ಸರಳವಾಗಿತ್ತು. ಸಾಮಾನ್ಯ ಸ್ಥಾನ, ಠೇವಣಿ 200 ರೂಪಾಯಿ, ಬೆಳಗ್ಗೆ 11ರಿಂದ ಮಧ್ಯಾಹ್ನ 3ರ ಒಳಗೆ ಕಾಗದ ಕೊಟ್ಟು ಬರುವುದು. ಅಷ್ಟೇ ಅಲ್ವಾ? ಅಷ್ಟೇ ಅಲ್ಲ. ಅದರ ಜೊತೆ ಪ್ರಮಾಣಪತ್ರ ಇದೆ. ನಿನ್ನದು, ಹೆಂಡತಿಯದು, ನಿನ್ನನ್ನು ನಂಬಿಕೊಂಡವರದು ಎಂದು ಎಲ್ಲರ ಆಸ್ತಿ, ಸಾಲ, ಆಮೇಲೆ ನಿನ್ನ ಮೇಲಿರುವ ಕೇಸು. ನೋಟರಿ ಮುಂದೆ ಆಣೆ ಮಾಡಿ ಕೊಡಬೇಕು.

ಮೊದಲ ಪೆಟ್ಟು ಬಿದ್ದಿದ್ದು ಚಿನ್ನದ ಕಾಲಂನಲ್ಲಿ. ಮೂವತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಕೇಳದ ಪ್ರಶ್ನೆಯನ್ನು ಅಣ್ಣ ಅವತ್ತು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ, "ನಿನ್ನ ಹತ್ತಿರ ಎಷ್ಟು ಗ್ರಾಂ ಇದೆ?" ಅತ್ತಿಗೆ ಒಗ್ಗರಣೆ ಸೌಟನ್ನು ಕೆಳಗಿಟ್ಟು, "ಯಾಕೆ, ಅಡ ಇಡ್ತೀರಾ?" ಎಂದರು. ಜೋಮಾಲೆ, ಪತ್ತಾಕ ಎಲ್ಲ ಲೆಕ್ಕಕ್ಕೆ ಬಂತು. ಪೀಚೆಕತ್ತಿ ಯಾರದು? ಅದರ ಬೆಳ್ಳಿಯನ್ನು ತೂಕ ಹಾಕಬೇಕಾ? ಅಜ್ಜನ ಕಾಲದ್ದು, ಮನೆಯಲ್ಲಿ ಮದುವೆಯಾಗುವ ಗಂಡೆಲ್ಲ ಸೊಂಟಕ್ಕೆ ಸಿಕ್ಕಿಸಿಕೊಂಡು ವಾಪಸ್ ಕೊಡುವಂಥದ್ದು. ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇರಲಿ ಎಂದು ಬಿಟ್ಟೆವು.

ನಿಜವಾದ ತಮಾಷೆ ಜಮೀನಿನದು. ಹೊರಗಿನವರಿಗೆ ಜಮ್ಮಾ ಬಾಣೆ ಅರ್ಥ ಮಾಡಿಸುವುದು ಕಷ್ಟ, ಆದರೂ ಹೇಳುತ್ತೇನೆ. ಜಾಗ ಒಕ್ಕದ್ದು, ಅಂದರೆ ಇಡೀ ಮನೆತನದ್ದು. ಪಹಣಿಯಲ್ಲಿ ಇರುವುದು ಅಣ್ಣನ ಮುತ್ತಜ್ಜನ ಹೆಸರು, ಪಕ್ಕದಲ್ಲಿ 'ಮತ್ತು ಇತರರು'. ಮುತ್ತಜ್ಜ ತೀರಿಕೊಂಡು ಎಷ್ಟೋ ವರ್ಷ ಆಗಿದೆ, ಪಹಣಿಯಲ್ಲಿ ಮಾತ್ರ ಗಟ್ಟಿಮುಟ್ಟಾಗಿದ್ದಾರೆ. ಆ 'ಇತರರು' ಈಗ ಹತ್ತೊಂಬತ್ತು ಮನೆ. ಒಟ್ಟು 12 ಎಕರೆ. ಅಪ್ಪಂದಿರ ಕಾಲದಲ್ಲಿ ಬಾಯಿಮಾತಿನಲ್ಲಿ ಪಾಲಾಗಿ, ಊರಲ್ಲೇ ಉಳಿದು ತೋಟ ಮಾಡಿದ್ದಕ್ಕೆ ಅಣ್ಣನಿಗೆ ಬಂದಿದ್ದು 3 ಎಕರೆ 40 ಸೆಂಟು. ಕಾಗದ ಎಂದು ಒಂದು ಚೀಟಿಯೂ ಇಲ್ಲ.

ಈಗ ಫಾರ್ಮು ಕೇಳುತ್ತದೆ: ಸರ್ವೆ ನಂಬರ್, ವಿಸ್ತೀರ್ಣ, ಸ್ವಂತ ಗಳಿಕೆಯೋ ಪಿತ್ರಾರ್ಜಿತವೋ, ಈಗಿನ ಮಾರುಕಟ್ಟೆ ಬೆಲೆ ಎಷ್ಟು. 'ಇಲ್ಲ' ಎಂದು ಬರೆದರೆ ಸುಳ್ಳು, ದಿನಾ ಬೆಳಗ್ಗೆ ಅವನು ಕಾಫಿ ಕುಯ್ಯಿಸುವುದು ಎಲ್ಲಿ ಹಾಗಾದರೆ? '3 ಎಕರೆ 40 ಸೆಂಟು' ಎಂದರೆ ದಾಖಲೆ ಇಲ್ಲ. ಹನ್ನೆರಡನ್ನು ಹತ್ತೊಂಬತ್ತರಿಂದ ಭಾಗಿಸಿದರೆ 63 ಸೆಂಟು ಬರುತ್ತದೆ, ಅಷ್ಟು ಬರೆದರೆ ಮಿಕ್ಕ ಕಾಫಿ ಗಿಡಗಳು ಯಾರದು ಎಂದು ನಾಳೆ ಯಾರಾದರೂ ಕೇಳಬಹುದು. ಸಾಲದ ಕಾಲಂ ಮಾತ್ರ ಕಣ್ಣು ಮುಚ್ಚಿ ತುಂಬಿದೆವು. ವಂಶವೃಕ್ಷ ಕೊಟ್ಟು, ಪಾಲುದಾರರ ಒಪ್ಪಿಗೆ ಪತ್ರಕ್ಕೆ ಅಲೆದು ಸಹಕಾರ ಸಂಘದಲ್ಲಿ ಎತ್ತಿದ ಬೆಳೆಸಾಲ ಅದು. ಜಾಗ ಹತ್ತೊಂಬತ್ತು ಮನೆಯದು, ಸಾಲ ಮಾತ್ರ ಅಪ್ಪಟ ಅಣ್ಣನದು.

ಕೊನೆಗೆ ಅಣ್ಣ 'ಅಂದಾಜು 3 ಎಕರೆ' ಎಂದು ಬರೆಸಿದ. ನಲವತ್ತು ಸೆಂಟು ಯಾಕೆ ಬಿಟ್ಟೆ ಎಂದರೆ, "ರೌಂಡ್ ಫಿಗರ್ ಇರಲಿ ಮಾರಾಯ" ಎಂದ. ಈ ಮಾತು ನೆನಪಿಟ್ಟುಕೊಳ್ಳಿ.

ಕೇಸಿನ ಕಾಲಂಗೆ ಬಂದೆವು. ಹಿಂದೊಮ್ಮೆ ಆನೆ ತುಳಿದು ಕೂಲಿಯವರೊಬ್ಬರು ತೀರಿಕೊಂಡಾಗ ಊರೆಲ್ಲ ರಸ್ತೆಯಲ್ಲಿ ಕೂತಿತ್ತು, ಆಗ ಒಂದು ಎಫ್‌ಐಆರ್ ಆಗಿತ್ತು. ಅದರಲ್ಲಿ ಅಣ್ಣನ ಹೆಸರು ಇದೆಯೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಎಫ್‌ಐಆರ್ ಬೇರೆ, ಚಾರ್ಜ್‌ಶೀಟ್ ಬೇರೆ, ಕೋರ್ಟು ಆರೋಪ ಹೊರಿಸುವುದು ಬೇರೆ, ಶಿಕ್ಷೆ ಬೇರೆ. ಇದನ್ನೆಲ್ಲ ಹೇಳಿದ್ದಕ್ಕೆ, "ಸುಮ್ನೆ ಇಲ್ಲ ಅಂತ ಹಾಕು" ಎಂದ. ಹಾಗೆ ಹಾಕಬೇಡ ಎಂದು ತಮಿಳುನಾಡಿನ ತೇಕಂಪಟ್ಟಿಯ ಕಥೆ ಹೇಳಿದೆ. ಕೊಯಮತ್ತೂರು ಕಡೆಯ ಆ ಪಂಚಾಯಿತಿಯಲ್ಲಿ 2006ರಲ್ಲಿ ಅಧ್ಯಕ್ಷರಾಗಿ ಗೆದ್ದವರು ಒಂದು ಕೇಸು ತೋರಿಸಿ ಉಳಿದವನ್ನು ಮುಚ್ಚಿಟ್ಟಿದ್ದರು. 2015ರಲ್ಲಿ ಸುಪ್ರೀಂ ಕೋರ್ಟು, ಗಂಭೀರ ಕೇಸು ಮುಚ್ಚಿಡುವುದು ಮತದಾರರ ಮೇಲೆ ಅನುಚಿತ ಪ್ರಭಾವ, ಭ್ರಷ್ಟ ಆಚರಣೆ, ಆಯ್ಕೆಯೇ ಅಸಿಂಧು ಎಂದಿತು. ಕಾಗದ ಕೊಟ್ಟಿದ್ದು 2006, ತೀರ್ಪು 2015. ಐದು ವರ್ಷದ ಅವಧಿಯೇ ಮುಗಿದು ಹೋಗಿತ್ತು ಅಷ್ಟೊತ್ತಿಗೆ. ಕಥೆ ಕೇಳಿ ಹೆದರಿದ ಅಣ್ಣ ಹೆಲ್ಮೆಟ್ ಇಲ್ಲದ್ದಕ್ಕೆ ಕಟ್ಟಿದ ದಂಡವನ್ನೂ ಬರೆಸಲು ಹೊರಟ. ನಾನು ತಡೆದೆ.

ವಿರಾಜಪೇಟೆಯ ನೋಟರಿ ಒಂದಕ್ಷರ ಓದದೆ ಪುಟಪುಟಕ್ಕೂ ಠಪ್ ಠಪ್ ಸೀಲು ಹಾಕಿದರು. ಪಂಚಾಯಿತಿ ಆಫೀಸಿನಲ್ಲಿ ಚುನಾವಣಾಧಿಕಾರಿ ಮಾತ್ರ ಓದಿದರು. ಬೆರಳಿಟ್ಟು ಸಾಲು ಸಾಲು ಓದಿದರು. ಅವಲಂಬಿತರ ವಾಹನದ ಕಾಲಂನಲ್ಲಿ ನಾವು ಒಂದು ಅಡ್ಡ ಗೆರೆ ಎಳೆದಿದ್ದೆವು.

"ಇದೇನ್ರೀ ಗೆರೆ?"

"ಇಲ್ಲ ಅಂತ ಸಾರ್."

"ಇಲ್ಲ ಅಂದ್ರೆ ಇಲ್ಲ ಅಂತ ಬರೀಬೇಕು."

ಅವರನ್ನು ಬೈಯುವಂತಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಪ್ರಮಾಣಪತ್ರದಲ್ಲಿ ಜಾಗ ಖಾಲಿ ಬಿಡುವಂತಿಲ್ಲ, ತುಂಬಿ ಎಂದು ನೆನಪಿಸಿದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದು. ಅದು ಶಾಸನಸಭೆ, ಲೋಕಸಭೆಯ ಮಾತು. ಆದರೆ ಖಾಲಿ ಜಾಗ ಕಂಡರೆ ಪಂಚಾಯಿತಿಯಲ್ಲೂ ಅದೇ ಭಯ. ನೋಟರಿ ಮಾಡಿದ ಕಾಗದಕ್ಕೆ ಕೈ ಹಾಕುವಂತಿಲ್ಲವಾದ್ದರಿಂದ ಮತ್ತೆ ಜೀಪು, ಮತ್ತೆ ವಿರಾಜಪೇಟೆ, ಮತ್ತೆ ಠಪ್ ಠಪ್. ಅಷ್ಟರಲ್ಲಿ ಅಣ್ಣನ ಕಣದಲ್ಲಿ ಕಾಫಿ ಮಗುಚಲು ಯಾರೂ ಇಲ್ಲದೆ ಅತ್ತಿಗೆಯಿಂದ ಏಳು ಸಲ ಫೋನು. ಎರಡು ಮುಕ್ಕಾಲಿಗೆ ವಾಪಸ್ ಬಂದು 'ಇಲ್ಲ' ಎಂಬ ಎರಡಕ್ಷರವನ್ನು ಒಪ್ಪಿಸಿದೆವು.

ಮರುದಿನ ಪರಿಶೀಲನೆ. ಎದುರಾಳಿಯ ಪ್ರಮಾಣಪತ್ರ ನೋಡಿ ನಾವು ದಂಗು. ವಾಹನ: ಇಲ್ಲ. ಜಮೀನು: ಇಲ್ಲ. ಚಿನ್ನ: ಇಲ್ಲ. ಕೇಸು: ಇಲ್ಲ. ಒಂದು ಕಾಲಂ ಖಾಲಿ ಇಲ್ಲ, ಅಷ್ಟು ಅಚ್ಚುಕಟ್ಟು. ಅವರು ಬಂದಿಳಿದ ಹೊಸ ಜೀಪು ಕಿಟಕಿಯಿಂದ ಕಾಣುತ್ತಿತ್ತು. ಅಣ್ಣ ಕಿಟಕಿಯ ಕಡೆ ಕೈ ತೋರಿಸಿದ. ಅಧಿಕಾರಿ, "ಭರ್ತಿ ಆಗಿದೆಯಾ ಅಂತ ನಾನು ನೋಡ್ಬೇಕು, ನಿಜವಾ ಅಂತ ಅಲ್ಲ. ತಕರಾರಿದ್ರೆ ಆಮೇಲೆ ಕೋರ್ಟಿಗೆ ಹೋಗಿ" ಎಂದು ಬರೆದರು: ಕ್ರಮಬದ್ಧ. ನಮ್ಮದಕ್ಕೂ ಅದೇ ಪದ.

ಎರಡೂ ಪ್ರಮಾಣಪತ್ರ ನೋಟಿಸ್ ಬೋರ್ಡಿಗೆ ಹೋದವು. ಮತದಾರರು ಓದಿ, ತೂಗಿ, ತೀರ್ಮಾನಿಸಲಿ ಎಂಬ ಉದ್ದೇಶ. ಎರಡು ದಿನ ಯಾರೂ ಅತ್ತ ತಿರುಗಿ ನೋಡಲಿಲ್ಲ. ಮೂರನೆಯ ದಿನ ಬಂದಿದ್ದು ಅಣ್ಣನ ದೊಡ್ಡಪ್ಪನ ಮಗ. ಮೊಬೈಲಿನಲ್ಲಿ ಜಮೀನಿನ ಕಾಲಂ ಒಂದನ್ನೇ ಫೋಟೊ ಹೊಡೆದು ಹತ್ತೊಂಬತ್ತು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ. ಸಂಜೆ ಅಣ್ಣನಿಗೆ ಫೋನು ಬಂತು.

"ನೋಟರಿ ಮುಂದೆ ಆಣೆ ಮಾಡಿ ಮೂರೇ ಎಕರೆ ಅಂದಿದ್ದೀಯಲ್ಲ ತಮ್ಮ, ಒಳ್ಳೇದು. ಆ ನಲವತ್ತು ಸೆಂಟಿನ ಕಾಫಿ ಕುಯ್ಯೋಕೆ ನಾಳೆ ನನ್ನ ಆಳು ಬರ್ತಾರೆ."