ಬ್ಯಾಂಕಿಗೆ ಕೊಡುವ ಒಂದು ಪುಟದ ಪತ್ರ: ನಂಬರಿನ ಕತೆ ಬೇರೆ, ವಿಳಾಸದ ಕತೆ ಬೇರೆ

ಖಾತೆಯಲ್ಲಿರುವ ಮೊಬೈಲ್ ನಂಬರ್ ಮತ್ತು ವಿಳಾಸ ಬದಲಿಸಬೇಕಾದರೆ ಕೌಂಟರಿನಲ್ಲಿ ಕೊಡುವ ಫಾರ್ಮ್ ತುಂಬಿಸಿ, ಆಧಾರ್ ಜೆರಾಕ್ಸ್ ಪಿನ್ ಮಾಡಿ ಕೊಟ್ಟು ಬಂದರೆ ಮುಗಿಯಿತು ಎಂದು ನಮ್ಮ ಕಡೆ ಹೆಚ್ಚಿನವರು ಅಂದುಕೊಂಡಿದ್ದಾರೆ. ನಾನು ಒಪ್ಪುವುದಿಲ್ಲ. ಫಾರ್ಮ್ ಕೊಡಿ, ಅದರ ಜೊತೆಗೆ ಒಂದು ಪುಟದ ಪತ್ರವನ್ನೂ ಕೊಡಿ. ಆ ಪತ್ರದಲ್ಲಿ ಯಾವ ದಾಖಲೆ ಲಗತ್ತಿಸಿದ್ದೀರಿ, ಅದು ಯಾವ ವಿಷಯಕ್ಕೆ ಸಾಕ್ಷಿ ಎಂದು ಬರೆಯಿರಿ. ಇನ್ನೊಂದು ಪ್ರತಿಯ ಮೇಲೆ ಶಾಖೆಯ ಸೀಲು, ದಿನಾಂಕ, ಸಹಿ ಹಾಕಿಸಿಕೊಂಡೇ ಹೊರಗೆ ಬನ್ನಿ. ಫಾರ್ಮ್ ಒಳಗೆ ಹೋದ ಮೇಲೆ ನಮ್ಮ ಕೈಯಲ್ಲಿ ಉಳಿಯುವ ಕಾಗದ ಇದೊಂದೇ.

ನಮ್ಮ ದೊಡ್ಡಮ್ಮನ ಪ್ರಕರಣವನ್ನೇ ಹೇಳುತ್ತೇನೆ. ಅವರು ಬ್ರಹ್ಮಾವರದ ಮನೆ ಬಿಟ್ಟು ಮಂಗಳೂರಿನ ಬಿಜೈಯಲ್ಲಿ ಮಗನ ಜೊತೆ ಬಾಡಿಗೆ ಫ್ಲಾಟಿಗೆ ಬಂದರು. ಪಿಂಚಣಿ ಬರುವ ಖಾತೆ ಬ್ರಹ್ಮಾವರದ ಶಾಖೆಯಲ್ಲೇ ಉಳಿಯಿತು. ಖಾತೆಯಲ್ಲಿದ್ದ ಮೊಬೈಲ್ ನಂಬರ್ ದೊಡ್ಡಪ್ಪನ ಕಾಲದ್ದು. ಮಗ ಹೊಸ ಸಿಮ್ ತೆಗೆದುಕೊಟ್ಟ ಮೇಲೆ ಹಳೆಯದಕ್ಕೆ ರೀಚಾರ್ಜ್ ಮಾಡುವುದು ಯಾಕೆ ಎಂಬ ಮಾತು ಮನೆಯಲ್ಲಿ ಎದ್ದಿತು. ಆಗಲೇ ನಾನು ತಡೆದೆ.

ಹಳೆಯ ಸಿಮ್ ಬಿಡುವುದು ಎಲ್ಲಕ್ಕಿಂತ ಕೊನೆಗೆ ಮಾಡುವ ಕೆಲಸ. ರೀಚಾರ್ಜ್ ಇಲ್ಲದೆ ನಂಬರ್ ಕಡಿತವಾದರೆ ಕನಿಷ್ಠ 90 ದಿನ ಅದನ್ನು ಬೇರೆಯವರಿಗೆ ಕೊಡುವುದಿಲ್ಲ, ಅನಂತರ ಕೊಡಬಹುದು. ಬ್ಯಾಂಕಿನ ದಾಖಲೆಯಲ್ಲಿ ಅದೇ ನಂಬರ್ ಉಳಿದಿದ್ದರೆ ದೊಡ್ಡಮ್ಮನ ಖಾತೆಯ ಸಂದೇಶ, ಒಟಿಪಿ ಎಲ್ಲ ಗುರುತಿಲ್ಲದ ಇನ್ನೊಬ್ಬರ ಫೋನಿಗೆ ಹೋಗುತ್ತದೆ. ಇನ್ನೊಂದು ತೊಡಕೂ ಉಂಟು. ಆಧಾರ್‌ನಲ್ಲಿ ವಿಳಾಸವನ್ನು ಆನ್‌ಲೈನ್ ಬದಲಿಸುವಾಗ ಒಟಿಪಿ ಬರುವುದು ಆಧಾರಿಗೆ ಜೋಡಿಸಿದ ನಂಬರಿಗೆ. ದೊಡ್ಡಮ್ಮನ ಆಧಾರಿಗೆ ಜೋಡಿಸಿದ್ದು ಅದೇ ಹಳೆಯ ನಂಬರ್. ಆ ಸಿಮ್ ಹೋಗಿದ್ದರೆ ವಿಳಾಸದ ಕೆಲಸವೂ ಅಲ್ಲಿಗೇ ನಿಲ್ಲುತ್ತಿತ್ತು.

ಈಗ ವಿಳಾಸಕ್ಕೆ ಬರೋಣ. ಜನ ಹೆಚ್ಚು ಸುಸ್ತಾಗುವುದು ಇಲ್ಲೇ. ಮಗ ಎರಡು ಕಾಗದ ತೆಗೆದಿಟ್ಟಿದ್ದ: ಫ್ಲಾಟಿನ ಮೆಸ್ಕಾಂ ಬಿಲ್ಲು ಮತ್ತು ಬಾಡಿಗೆ ಕರಾರು ಪತ್ರ. ಬಿಲ್ಲು ಇದ್ದದ್ದು ಫ್ಲಾಟಿನ ಯಜಮಾನರ ಹೆಸರಿನಲ್ಲಿ, ಕರಾರು ಮಗನ ಹೆಸರಿನಲ್ಲಿ. ದೊಡ್ಡಮ್ಮ ಆ ಮನೆಯಲ್ಲಿದ್ದಾರೆ ಎಂದು ಎರಡರಲ್ಲಿ ಯಾವುದೂ ಹೇಳುವುದಿಲ್ಲ. ಕೌಂಟರಿನವರು ಇದನ್ನು ವಾಪಸ್ ಕೊಟ್ಟರೆ ಅವರ ಮೇಲೆ ರೇಗುವುದರಲ್ಲಿ ಅರ್ಥವಿಲ್ಲ.

ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮದಲ್ಲಿ ಪೂರ್ಣ ಮಾನ್ಯತೆ ಇರುವ ದಾಖಲೆಗಳು ಕೆಲವೇ: ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಆಧಾರ್, ಮತದಾರರ ಗುರುತಿನ ಚೀಟಿ, ರಾಜ್ಯ ಸರ್ಕಾರದ ಅಧಿಕಾರಿ ಸಹಿ ಮಾಡಿದ ಉದ್ಯೋಗ ಖಾತರಿ ಕಾರ್ಡ್, ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಪತ್ರ. ಇವುಗಳಲ್ಲಿ ಹೊಸ ವಿಳಾಸ ಇಲ್ಲದಿದ್ದರೆ ತಾತ್ಕಾಲಿಕವಾಗಿ ಕೆಲವು ಬೇರೆ ಕಾಗದಗಳು ನಡೆಯುತ್ತವೆ. ಎರಡು ತಿಂಗಳಿಗಿಂತ ಹಳೆಯದಲ್ಲದ ವಿದ್ಯುತ್, ನೀರು, ದೂರವಾಣಿ, ಪೈಪ್ ಗ್ಯಾಸ್ ಅಥವಾ ಪೋಸ್ಟ್‌ಪೇಯ್ಡ್ ಮೊಬೈಲ್ ಬಿಲ್ಲು, ಆಸ್ತಿ ತೆರಿಗೆ ರಶೀದಿ, ವಿಳಾಸವಿರುವ ಸರ್ಕಾರಿ ಪಿಂಚಣಿ ಆದೇಶ ಮುಂತಾದವು. ಆದರೆ ಇವನ್ನು ಕೊಟ್ಟವರು ಮೂರು ತಿಂಗಳೊಳಗೆ ಹೊಸ ವಿಳಾಸವಿರುವ ಮುಖ್ಯ ದಾಖಲೆಯನ್ನು ತಂದು ಕೊಡಬೇಕು. ಖಾಸಗಿ ಮನೆಯ ಬಾಡಿಗೆ ಕರಾರು ಈ ಪಟ್ಟಿಯಲ್ಲಿಲ್ಲ. ಕೆಲವು ಬ್ಯಾಂಕಿನವರು ತೆಗೆದುಕೊಳ್ಳುತ್ತಾರೆ, ಅದು ಅವರವರ ಒಳನಿಯಮ.

ಇದೇ ನಿಯಮದಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಒಂದು ದಾರಿಯೂ ಉಂಟು. ಕೆವೈಸಿ ನವೀಕರಿಸುವಾಗ ಬದಲಾದದ್ದು ವಿಳಾಸ ಮಾತ್ರ ಎಂದಾದರೆ ಗ್ರಾಹಕರು ಸ್ವಯಂ ಘೋಷಣೆ ಕೊಡಬಹುದು, ಪತ್ರದ ಮೂಲಕವೂ ಕೊಡಬಹುದು. ಬ್ಯಾಂಕ್ ಎರಡು ತಿಂಗಳೊಳಗೆ ಆ ವಿಳಾಸಕ್ಕೆ ಕಾಗದ ಕಳಿಸಿಯೋ, ಜನ ಕಳಿಸಿಯೋ ಖಚಿತಪಡಿಸಿಕೊಳ್ಳಬೇಕು. ಹಾಗೆಂದು ದಾಖಲೆ ಕೇಳುವ ಹಕ್ಕು ಬ್ಯಾಂಕಿಗೆ ಇಲ್ಲವೆಂದಲ್ಲ. ತನ್ನ ನೀತಿಯಲ್ಲಿ ಬರೆದುಕೊಂಡಿದ್ದರೆ ಅದು ವಿಳಾಸದ ದಾಖಲೆಯನ್ನೂ ಕೇಳಬಹುದು. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಘೋಷಣೆಯನ್ನು ಪತ್ರದಲ್ಲೇ ಬರೆಯಿರಿ, ಸಾಧ್ಯವಿದ್ದರೆ ದಾಖಲೆಯನ್ನೂ ಇಡಿ.

ದೊಡ್ಡಮ್ಮನಿಗೆ ದಾಖಲೆ ಹುಟ್ಟಿದ್ದು ಹೀಗೆ. ಆಧಾರ್‌ನಲ್ಲಿ ಕುಟುಂಬದ ಮುಖ್ಯಸ್ಥರ ಒಪ್ಪಿಗೆಯ ಮೇಲೆ ವಿಳಾಸ ಬದಲಿಸುವ ವ್ಯವಸ್ಥೆ 2023ರಿಂದ ಇದೆ. ಸ್ವಂತ ಹೆಸರಿನಲ್ಲಿ ಯಾವ ಬಿಲ್ಲೂ ಇಲ್ಲದ ಹಿರಿಯರಿಗೆ, ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಇದಕ್ಕಿಂತ ಸಲೀಸಾದ ದಾರಿ ನನಗೆ ಕಂಡಿಲ್ಲ. ಮಗನ ಆಧಾರ್‌ನಲ್ಲಿ ಬಿಜೈ ವಿಳಾಸ ಮೊದಲೇ ಇತ್ತು. ಸಂಬಂಧಕ್ಕೆ ಸಾಕ್ಷಿಯಾಗಿ ಅವನ ಪಾಸ್‌ಪೋರ್ಟ್ ಸಾಕಾಯಿತು, ಅದರಲ್ಲಿ ತಾಯಿಯ ಹೆಸರು ಇತ್ತಲ್ಲ. ದೊಡ್ಡಮ್ಮನ ಕಡೆಯಿಂದ ಕೋರಿಕೆ ಹೋಯಿತು, ಮಗನ ಮೊಬೈಲಿಗೆ ಸಂದೇಶ ಬಂತು, ಅವನು ತನ್ನ ಲಾಗಿನ್‌ನಲ್ಲಿ ಒಪ್ಪಿಗೆ ಕೊಟ್ಟ. ಒಪ್ಪಿಗೆಗೆ 30 ದಿನದ ಗಡುವು, ದಾಟಿದರೆ ಕೋರಿಕೆ ಮುಚ್ಚಿಹೋಗುತ್ತದೆ.

ಆಮೇಲೆ ಬರೆದ ಪತ್ರ ಇದು. ಬೇಕಾದವರು ತಮ್ಮ ವಿವರ ತುಂಬಿಸಿ ಬಳಸಿಕೊಳ್ಳಿ.

ಇವರಿಗೆ,
ಶಾಖಾ ವ್ಯವಸ್ಥಾಪಕರು,
(ಬ್ಯಾಂಕಿನ ಹೆಸರು), ಬ್ರಹ್ಮಾವರ ಶಾಖೆ

ವಿಷಯ: ಉಳಿತಾಯ ಖಾತೆ ಸಂಖ್ಯೆ …… , ಗ್ರಾಹಕ ಸಂಖ್ಯೆ …… ಇದರಲ್ಲಿ ಮೊಬೈಲ್ ಸಂಖ್ಯೆ ಮತ್ತು ವಿಳಾಸ ಬದಲಾವಣೆ

ಮಾನ್ಯರೇ,

1. ಮೊಬೈಲ್ ಸಂಖ್ಯೆ: ನನ್ನ ಖಾತೆಯಲ್ಲಿ ಈಗ ಇರುವ …… ಸಂಖ್ಯೆಯನ್ನು ಸಂಪೂರ್ಣ ತೆಗೆದುಹಾಕಿ, ಅದರ ಬದಲು …… ಸಂಖ್ಯೆಯನ್ನು ದಾಖಲಿಸಬೇಕಾಗಿ ಕೋರುತ್ತೇನೆ. ಹೊಸ ಸಂಖ್ಯೆ ನನ್ನ ಬಳಿಯೇ ಇದೆ. ನನ್ನ ಗ್ರಾಹಕ ಸಂಖ್ಯೆಯಡಿ ಇರುವ ನಿಶ್ಚಿತ ಠೇವಣಿಗಳಿಗೂ ಇದೇ ಸಂಖ್ಯೆ ಅನ್ವಯಿಸಲಿ.

2. ವಿಳಾಸ: ನಾನು ಈಗ ಈ ಕೆಳಗಿನ ವಿಳಾಸದಲ್ಲಿ ವಾಸವಾಗಿದ್ದೇನೆ ಎಂದು ಘೋಷಿಸುತ್ತೇನೆ. ನನ್ನ ಇತರ ಕೆವೈಸಿ ವಿವರಗಳಲ್ಲಿ ಬದಲಾವಣೆ ಇಲ್ಲ.
(ಮಗನ ಹೆಸರು) ಇವರ ಮನೆ, ಫ್ಲಾಟ್ ನಂ. …… , …… ಅಪಾರ್ಟ್‌ಮೆಂಟ್, ಬಿಜೈ, ಮಂಗಳೂರು – 575004

ಲಗತ್ತುಗಳು (ಎಲ್ಲವೂ ಸ್ವಯಂ ದೃಢೀಕೃತ ನಕಲುಗಳು, ಮೂಲ ಪ್ರತಿ ತೋರಿಸಲಾಗಿದೆ):
ಅ) ಆಧಾರ್, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವಂತೆ – ಗುರುತು ಮತ್ತು ಹೊಸ ವಿಳಾಸಕ್ಕೆ
ಆ) ಪ್ಯಾನ್ ಕಾರ್ಡ್ – ಗುರುತಿಗೆ
ಇ) ಪಾಸ್‌ಬುಕ್ಕಿನ ಮೊದಲ ಪುಟ – ಖಾತೆ ಮತ್ತು ಹಳೆಯ ವಿಳಾಸಕ್ಕೆ

ಬದಲಾವಣೆ ದಾಖಲಾದ ದಿನಾಂಕವನ್ನು ಹೊಸ ಸಂಖ್ಯೆಗೆ ತಿಳಿಸಬೇಕಾಗಿ ಕೋರಿಕೆ.

ದಿನಾಂಕ, ಸ್ಥಳ, ಸಹಿ, ಹೆಸರು

ಇದರಲ್ಲಿ ಕೆಲವು ಮಾತುಗಳನ್ನು ಬೇಕೆಂದೇ ಹಾಗೆ ಬರೆದದ್ದು. “ಹೊಸ ನಂಬರ್ ಸೇರಿಸಿ” ಎಂದಷ್ಟೇ ಬರೆದರೆ ಹಳೆಯದು ಎರಡನೇ ನಂಬರಾಗಿ ಉಳಿದುಬಿಡಬಹುದು, ಅದಕ್ಕೇ “ತೆಗೆದುಹಾಕಿ” ಎಂದದ್ದು. ಮಗನ ಹೆಸರನ್ನು ವಿಳಾಸದಲ್ಲಿ ಹಾಕಿದ್ದಕ್ಕೂ ಕಾರಣವಿದೆ. ಬ್ಯಾಂಕ್ ಖಚಿತಪಡಿಸಲು ಕಳಿಸುವ ಕಾಗದ ಅಪಾರ್ಟ್‌ಮೆಂಟಿನ ಗೇಟಿಗೆ ಬಂದಾಗ ಅಲ್ಲಿನ ಬೋರ್ಡಿನಲ್ಲಿ ದೊಡ್ಡಮ್ಮನ ಹೆಸರು ಇರುವುದಿಲ್ಲ. ವಾಚ್‌ಮನ್ “ಆ ಹೆಸರಿನವರು ಇಲ್ಲಿ ಯಾರೂ ಇಲ್ಲ” ಎಂದರೆ ಕಾಗದ ಶಾಖೆಗೆ ವಾಪಸ್, ವಿಳಾಸ ಖಚಿತವಾಗಲಿಲ್ಲ ಎಂದೇ ಲೆಕ್ಕ. ನಾವು ವಾಚ್‌ಮನ್‌ಗೂ ಹೆಸರು ಬರೆದು ಕೊಟ್ಟಿದ್ದೆವು. ಪತ್ರ ಕನ್ನಡದಲ್ಲೇ ಇರಲಿ, ಆದರೆ ವಿಳಾಸವನ್ನು ಕೆಳಗೆ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲೂ, ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ಕಂಪ್ಯೂಟರಿಗೆ ಹಾಕುವವರು ಬಿಜೈಗೆ ಒಂದು ಸ್ಪೆಲ್ಲಿಂಗ್, ಆಧಾರ್‌ನಲ್ಲಿ ಇನ್ನೊಂದು ಎಂದಾದರೆ ಮುಂದೆ ಮತ್ತೆ ಓಡಾಟ.

ಮೊಬೈಲ್ ನಂಬರಿಗೆ ಲಗತ್ತು ಯಾವುದು ಎಂದು ದೊಡ್ಡಮ್ಮ ಕೇಳಿದರು. ಪ್ರಿಪೇಯ್ಡ್ ಸಿಮ್ಮಿಗೆ ತೋರಿಸಲು ಬಿಲ್ಲೇ ಇಲ್ಲ. ಅಲ್ಲಿ ಸಾಕ್ಷಿ ಎಂದರೆ ಖಾತೆದಾರರೇ ಎದುರಿಗೆ ಬಂದು ನಿಲ್ಲುವುದು, ಬ್ಯಾಂಕಿನಲ್ಲಿರುವ ಮಾದರಿಗೆ ಹೊಂದುವ ಸಹಿ, ಮತ್ತು ಆ ಫೋನಿಗೆ ಬರುವ ಒಟಿಪಿ. ಕೈ ನಡುಗುವ ಹಿರಿಯರ ಸಹಿ ಹಳೆಯ ಮಾದರಿಗೆ ಹೊಂದುವುದಿಲ್ಲ ಎಂದು ಅನುಮಾನವಿದ್ದರೆ ಮನೆಯಲ್ಲಿ ಸಹಿ ಹಾಕಿಸಿ ಮಕ್ಕಳ ಕೈಯಲ್ಲಿ ಕಳಿಸಬೇಡಿ. ಅವರನ್ನೇ ಕರಕೊಂಡು ಹೋಗಿ, ಅಧಿಕಾರಿಯ ಎದುರೇ ಸಹಿ ಹಾಕಲಿ.

ಜೆರಾಕ್ಸ್ ಪ್ರತಿಗಳ ಮೇಲೆ ಸಹಿಯ ಜೊತೆಗೆ “ವಿಳಾಸ ಬದಲಾವಣೆಗೆ ಮಾತ್ರ” ಎಂದು ದಿನಾಂಕ ಹಾಕಿ ಅಡ್ಡ ಬರೆಯಿರಿ. ಆಧಾರ್ ಸಂಖ್ಯೆಯ ಮೊದಲ ಎಂಟು ಅಂಕಿ ಮರೆಯಾದ ಪ್ರತಿ ಆಧಾರ್ ಜಾಲತಾಣದಲ್ಲೇ ಸಿಗುತ್ತದೆ.

ಸೀಲಿನ ವಿಷಯದಲ್ಲಿ ನಾನು ಇಷ್ಟು ಹಠ ಹಿಡಿಯುವುದು ಯಾಕೆ ಅಂದರೆ, 2017ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಬ್ಯಾಂಕಿನದೂ ಅಲ್ಲದ, ಗ್ರಾಹಕರದೂ ಅಲ್ಲದ ತಪ್ಪಿನಿಂದ ಖಾತೆಯ ದುಡ್ಡು ಹೋದಾಗ, ಬ್ಯಾಂಕಿನ ಸಂದೇಶ ಸಿಕ್ಕಿದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಗ್ರಾಹಕರಿಗೆ ನಷ್ಟವಿಲ್ಲ ಎಂದು ಅದು ಹೇಳುತ್ತದೆ. ಲೆಕ್ಕ ಶುರುವಾಗುವುದು ಸಂದೇಶ ಸಿಕ್ಕಿದಲ್ಲಿಂದ. ಹೊಸ ನಂಬರ್ ಕೊಟ್ಟ ಮೇಲೂ ಬ್ಯಾಂಕ್ ಹಳೆಯದಕ್ಕೇ ಸಂದೇಶ ಕಳಿಸುತ್ತಾ ಇದ್ದು, ಆ ನಡುವೆ ದುಡ್ಡು ಹೋದರೆ, “ನಾನು ಈ ದಿನ ನಂಬರ್ ಬದಲಿಸಲು ಬರೆದು ಕೊಟ್ಟಿದ್ದೆ” ಎಂದು ತೋರಿಸಲು ಸೀಲು ಬಿದ್ದ ಪ್ರತಿ ಬೇಕೇ ಬೇಕು. ಬಾಯಿಮಾತು ಅಲ್ಲಿ ನಡೆಯುವುದಿಲ್ಲ. ಸೀಲು ಹಾಕಲು ಹಿಂದೇಟು ಹಾಕಿದರೆ ಅದೇ ಪತ್ರವನ್ನು ಲಗತ್ತುಗಳ ಸಮೇತ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಅಂಚೆ ರಶೀದಿಯನ್ನು ಪ್ರತಿಗೆ ಅಂಟಿಸಿ ಇಡಿ.

ದೊಡ್ಡಮ್ಮನ ಹೊಸ ನಂಬರಿಗೆ ಸಂದೇಶ ಬಂತು. ಅದರ ಮೇಲೆ ನಿಲ್ಲದೆ, ಪಾಸ್‌ಬುಕ್ ಎಂಟ್ರಿ ಮಾಡಿಸಿ ವಿಳಾಸವನ್ನೂ ಓದಿ ನೋಡಿದೆವು. ಎಟಿಎಂನಿಂದ ಸಣ್ಣ ಮೊತ್ತ ತೆಗೆದು ಸಂದೇಶ ಯಾವ ಫೋನಿಗೆ ಬರುತ್ತದೆ ಎಂದೂ ನೋಡಿದೆವು. ಆ ಬಳಿಕ ಆಧಾರ್ ಕೇಂದ್ರಕ್ಕೆ ಹೋಗಿ ಅಲ್ಲಿಯೂ ಹೊಸ ನಂಬರ್ ಕೊಟ್ಟೆವು. ಯುಪಿಐ ಬಳಸುವವರು ಹೊಸ ಸಿಮ್ ಇರುವ ಫೋನಿನಲ್ಲಿ ಮತ್ತೆ ನೋಂದಾಯಿಸಬೇಕಾಗುತ್ತದೆ. ದೊಡ್ಡಮ್ಮನಿಗೆ ಅದರ ಗೊಡವೆ ಇರಲಿಲ್ಲ. ಇಷ್ಟೆಲ್ಲ ಆದ ಮೇಲಷ್ಟೇ ಹಳೆಯ ಸಿಮ್ಮಿನ ರೀಚಾರ್ಜ್ ನಿಲ್ಲಿಸಿದ್ದು.

ನಿಮ್ಮಲ್ಲಿ ಯಾರಾದರೂ ಪತ್ರ ಕೊಟ್ಟು ಕಾಯುತ್ತಾ ಇದ್ದು, ಏನೂ ಆಗದಿದ್ದರೆ, ಅದೇ ಶಾಖೆಗೆ ಲಿಖಿತ ದೂರು ಕೊಡಿ, ಮೊದಲ ಪತ್ರದ ಸೀಲಿನ ದಿನಾಂಕವನ್ನು ಅದರಲ್ಲಿ ನಮೂದಿಸಿ. 30 ದಿನದಲ್ಲಿ ಉತ್ತರ ಬಾರದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕ ಇಲ್ಲ. ಮೊದಲು ಬ್ಯಾಂಕಿಗೇ ಬರೆದು ಕೊಟ್ಟಿದ್ದೀರಾ ಎಂದು ಅಲ್ಲಿ ಕೇಳುತ್ತಾರೆ. ಆಗ ಎರಡೂ ಪ್ರತಿಗಳ ಫೋಟೋ ತೆಗೆದು ಸೇರಿಸಿ.